ಒಂದು ಚಾರ್ಜಿಗೆ ಒಂದು ಎಕರೆ: ಪ್ರಚಾರದ ಬರಹವೊಂದನ್ನು ತಿದ್ದಿದ ನನ್ನ ಅನುಭವ

ರಾಯಚೂರಿನ ಸುತ್ತಲಿನ ಹಳ್ಳಿಗಳಲ್ಲಿ ಮೈಕು ಕಟ್ಟಿದ ಆಟೋಗಳು ಬಿತ್ತರಿಸುವ ಪ್ರಚಾರದ ಮಾತುಗಳನ್ನು ಬರೆದು, ಧ್ವನಿಮುದ್ರಿಸಿ ಕೊಡುವುದು ನನ್ನ ಕೆಲಸ. ಕೃಷಿ ಸಾಮಗ್ರಿ ಅಂಗಡಿಯವರೊಬ್ಬರು ಬೆನ್ನಿಗೆ ಹಾಕಿಕೊಂಡು ಬೆಳೆಗೆ ಕೀಟನಾಶಕ ಹೊಡೆಯುವ ಬ್ಯಾಟರಿ ಪಂಪಿನ ಪ್ರಚಾರಕ್ಕಾಗಿ ಒಂದು ನಿಮಿಷದ ಬರಹವನ್ನು ತಾವೇ ಸಿದ್ಧಪಡಿಸಿ ತಂದಿದ್ದರು. ಅದರ ನಡುಭಾಗ ಹೀಗಿತ್ತು: “16 ಲೀಟರ್ ಟ್ಯಾಂಕ್, 12 ವೋಲ್ಟ್ 8 ಆಂಪಿಯರ್ ಬ್ಯಾಟರಿ, ಸ್ಟೀಲ್ ಪೈಪು, ನಾಲ್ಕು ತರಹದ ನಾಜಲ್, ಪ್ರೆಷರ್ ಹೆಚ್ಚು ಕಡಿಮೆ ಮಾಡುವ ಸ್ವಿಚ್, ಆರು ತಿಂಗಳ ಗ್ಯಾರಂಟಿ.” ಇದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಇದು ಮನೆಯೊಳಗೆ ಕುಳಿತು ಕೇಳುವವರಿಗೆ ತಲುಪುವ ಬಗೆಯ ಬರಹವಾಗಿರಲಿಲ್ಲ.

ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಸಾಗುವ ಆಟೋ ಒಂದು ಸೆಕೆಂಡಿಗೆ ಸುಮಾರು 4 ಮೀಟರ್ ಮುಂದೆ ಹೋಗುತ್ತದೆ. ಊರೊಳಗಿನ ಓಣಿಯಲ್ಲಿ ಮನೆಯ ಆಚೆ ಈಚೆ ಸೇರಿ 80 ಮೀಟರಿನಷ್ಟು ದೂರದವರೆಗೆ ಮಾತು ಸ್ಪಷ್ಟವಾಗಿ ಕೇಳುತ್ತದೆ ಎಂದಿಟ್ಟುಕೊಂಡರೂ, ಒಂದು ಮನೆಗೆ ಸಿಗುವುದು 20 ಸೆಕೆಂಡು ಮಾತ್ರ, ಅದೂ ಬರಹದ ಯಾವ ತುಂಡು ಎಂಬುದು ನಮ್ಮ ಕೈಯಲ್ಲಿಲ್ಲ. ನಾಜಲ್ಲು, ಸ್ವಿಚ್ಚುಗಳ ತುಂಡಷ್ಟೇ ಕಿವಿಗೆ ಬಿದ್ದವರಿಗೆ ಮಾರುತ್ತಿರುವುದು ಏನೆಂಬುದೇ ತಿಳಿಯುವುದಿಲ್ಲ. ಆದ್ದರಿಂದ ಯಾವ 20 ಸೆಕೆಂಡು ಕೇಳಿದರೂ ಪಂಪಿನ ಒಂದೇ ಲಾಭ ಕಿವಿಗೆ ಬೀಳುವಂತೆ ಬರೆಯಬೇಕೆಂದು ನಿರ್ಧರಿಸಿದೆ.

ಆ ಲಾಭ ಯಾವುದೆಂದು ಕಂಡುಕೊಳ್ಳಲು ಅಂಗಡಿಯಲ್ಲೇ ಕುಳಿತು, ಪಂಪು ನೋಡಲು ಬಂದ ರೈತರ ಪ್ರಶ್ನೆಗಳನ್ನು ಬರೆದುಕೊಂಡೆ. ಕೈಪಂಪು ಒತ್ತಿ ಒತ್ತಿ ಭುಜ ನೋಯುವುದು ತಪ್ಪುತ್ತದೆ ಎಂಬುದನ್ನೇ ಮುಂದಿಡಬಹುದೆಂದು ಮೊದಲು ಅನ್ನಿಸಿತ್ತು. ಆದರೆ ಅದು ಯಾವ ಅಂಗಡಿಯ ಬ್ಯಾಟರಿ ಪಂಪಿನಿಂದಲಾದರೂ ತಪ್ಪುತ್ತದೆ, ಮತ್ತು ರೈತರಿಗೆ ಅದು ಆಗಲೇ ಗೊತ್ತಿತ್ತು. ಅವರು ಮತ್ತೆ ಮತ್ತೆ ಕೇಳುತ್ತಿದ್ದುದು ಬೇರೆಯೇ ಆಗಿತ್ತು: “ಒಮ್ಮೆ ಚಾರ್ಜ್ ಮಾಡಿದ್ರ ಎಷ್ಟು ಟ್ಯಾಂಕ್ ಹೊಡಿತದ್ರಿ?” ನಡುಹೊಲದಲ್ಲಿ ಬ್ಯಾಟರಿ ಕೈಕೊಟ್ಟರೆ ಕಲಸಿಟ್ಟ ಕೀಟನಾಶಕದ ಎಣ್ಣೆ ಹಾಗೇ ಉಳಿಯುತ್ತದೆ, ಹಿಡಿದ ಆಳಿನ ಕೂಲಿಯೂ ದಂಡವಾಗುತ್ತದೆ ಎಂಬ ಅಂಜಿಕೆ ಆ ಪ್ರಶ್ನೆಯ ಹಿಂದಿತ್ತು.

ಈ ಅಂಜಿಕೆಗೆ ಉತ್ತರ ಕೊಡುವ ಮೊದಲು ಉತ್ತರ ನಿಜವೇ ಎಂದು ನೋಡಬೇಕಿತ್ತು. ಪೂರ್ತಿ ಚಾರ್ಜ್ ಮಾಡಿದ ಹೊಸ ಪಂಪಿಗೆ ಬರೀ ನೀರು ತುಂಬಿ, ಹೊಲದಲ್ಲಿ ಬಳಸುವ ನಾಜಲ್ಲನ್ನೇ ಹಾಕಿ, ನೀರು ಸಣ್ಣ ಹನಿಗಳಾಗಿ ಒಡೆಯುವುದು ಕುಗ್ಗುವವರೆಗೆ ಓಡಿಸಿದೆವು. 14 ಟ್ಯಾಂಕು, ಅಂದರೆ 224 ಲೀಟರ್ ಆಯಿತು. ಬೆಳೆದ ಹತ್ತಿಗೆ ಎಕರೆಗೆ 200 ಲೀಟರಿನಷ್ಟು ನೀರು ಹಿಡಿಯುತ್ತದೆ ಎಂಬ ಅಲ್ಲಿನ ರೈತರ ಲೆಕ್ಕಕ್ಕೆ ಇದು ಸಾಕಾಗಿ ಸ್ವಲ್ಪ ಉಳಿಯುತ್ತದೆ. ಪಂಪು 170 ಲೀಟರಿಗೇ ನಿಂತಿದ್ದರೆ ಎಕರೆಯ ಮಾತನ್ನು ನಾನು ಬರೆಯುತ್ತಿರಲಿಲ್ಲ.

ಬಳಿಕ ಹೊಸ ಬರಹವನ್ನು ಊರಿನ ಮಾತಿನಲ್ಲೇ ಬರೆದೆ:

“ಹತ್ತಿಗೆ ಎಣ್ಣಿ ಹೊಡಿಯುವಾಗ ನಡುಹೊಲದಾಗ ಪಂಪು ನಿಲ್ತದೇನ್ರಿ? ರಾತ್ರಿ ಚಾರ್ಜಿಗೆ ಹಚ್ಚ್ರಿ, ಮುಂಜಾನೆ ಒಂದು ಎಕರೆ ಪೂರಾ ಹೊಡೀರಿ. ಒಂದು ಚಾರ್ಜಿಗೆ ಒಂದು ಎಕರೆ ಹತ್ತಿ, ಇದು ನಮ್ಮ ಬ್ಯಾಟರಿ ಪಂಪು. ನಂಬಿಕಿ ಬರ್ಲಿಲ್ಲಂದ್ರ ಅಂಗಡಿಗೆ ಬರ್ರಿ, ನೀರು ತುಂಬಿ ಓಡಿಸಿ ನೋಡ್ರಿ.”

ಇದಕ್ಕೆ ಅಂಗಡಿಯ ಹೆಸರು ಮತ್ತು ಗುರುತು ಸೇರಿದರೆ ಸುಮಾರು 20 ಸೆಕೆಂಡು ಆಗುತ್ತದೆ. ಒಂದು ನಿಮಿಷದಲ್ಲಿ ಅದೇ ಮಾತು ಮೂರು ಸಲ ಬರುತ್ತದೆ. ಹಳೆಯ ಪಟ್ಟಿಯಿಂದ ಉಳಿದದ್ದು ಬ್ಯಾಟರಿ ಮಾತ್ರ, ಅದೂ ಲಾಭಕ್ಕೆ ಕಾರಣವಾಗಿ. “ಇಷ್ಟೆಲ್ಲಾ ಐಟಂ ಅದಾವ, ಬಿಟ್ರ ಹೆಂಗ್ರಿ?” ಎಂದು ಅಂಗಡಿಯವರು ಆತಂಕಪಟ್ಟರು. ಅವರ ಆತಂಕ ಸಹಜವಾದುದು, ಏಕೆಂದರೆ ಕೊಳ್ಳುವ ಮುನ್ನ ರೈತರು ನಾಜಲ್ಲು, ಗ್ಯಾರಂಟಿಗಳನ್ನು ವಿಚಾರಿಸಿಯೇ ವಿಚಾರಿಸುತ್ತಾರೆ. ಆ ಪಟ್ಟಿಯನ್ನು ಪಂಪಿನ ಪಕ್ಕದ ಬೋರ್ಡಿಗೆ ಸಾಗಿಸಿದೆವು. ಅಲ್ಲಿ ನಿಂತು ಓದಲು ಪುರುಸೊತ್ತಿರುತ್ತದೆ.

ಆಟೋ ಹೊರಡುವ ಮುನ್ನ ಎರಡೂ ಧ್ವನಿಮುದ್ರಣಗಳ ಯಾವುದೋ ಒಂದು ನಡುತುಂಡನ್ನು, ವಿಷಯ ತಿಳಿಯದವರಿಗೆ ಮೊಬೈಲಿನಲ್ಲಿ ಕೇಳಿಸಿ, ಏನು ಹೇಳಿದರೆಂದು ಕೇಳಿದೆ. ಹಳೆಯದಕ್ಕೆ “ಏನೋ ಪೈಪು ಮಾರ್ತಾರ” ಎಂಬ ಉತ್ತರ ಬಂತು. ಹೊಸದಕ್ಕೆ “ಒಂದು ಚಾರ್ಜಿಗೆ ಎಕರೆ ಹೊಡಿತದಂತ” ಎಂದರು. ಕೇಳಿದವರು ಲಾಭವನ್ನು ತಮ್ಮ ಮಾತಿನಲ್ಲಿ ಹೇಳುವವರೆಗೆ ನಾನು ಬರಹವನ್ನು ಒಪ್ಪಿಸುವುದಿಲ್ಲ.

“ಹತ್ತಿ” ಎಂಬ ಪದವನ್ನು ಬರಹದಿಂದ ತೆಗೆಯಬಾರದೆಂದು ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿದ್ದೇನೆ. ಹೆಚ್ಚು ನೀರು ಹಿಡಿಯುವ ದಟ್ಟ ಮೆಣಸಿನಕಾಯಿ ಹೊಲದಲ್ಲಿ ಅದೇ 14 ಟ್ಯಾಂಕು ಎಕರೆಗೆ ಸಾಲದೆ ಹೋಗಬಹುದು, ಬ್ಯಾಟರಿ ಹಳೆಯದಾದಂತೆ ಟ್ಯಾಂಕುಗಳ ಲೆಕ್ಕವೂ ಇಳಿಯುತ್ತದೆ. ಅದಕ್ಕಾಗಿ, ಎಕರೆಯ ಮಾತು ಹೊಸ ಬ್ಯಾಟರಿಗೆ ಅನ್ವಯಿಸುತ್ತದೆ ಎಂದು ಬಿಲ್ಲು ಬರೆಯುವಾಗಲೇ ಕೊಳ್ಳುವವರಿಗೆ ತಿಳಿಸುವುದೆಂದು ಒಪ್ಪಿಕೊಂಡಿದ್ದೇವೆ.