ಅಕ್ಕನ ನುಡಿನಮನವನ್ನು ನಾನು ಓದಿ ಮುಗಿಸಿದ ಬಗೆ

ಅಪ್ಪ ತೀರಿಕೊಂಡಾಗ ನುಡಿನಮನ ಸಲ್ಲಿಸಲು ಎದ್ದು ನಿಂತ ನಾನು ಮೂರನೆಯ ವಾಕ್ಯವನ್ನು ದಾಟಲಿಲ್ಲ. ಯಾರೋ ಬಂದು ಭುಜ ಹಿಡಿದು ಕೂರಿಸಿದರು, ಅಪ್ಪನ ಬಗ್ಗೆ ಊರಿಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳು ನಾನು ಬರೆದುಕೊಂಡು ಹೋಗಿದ್ದ ಎರಡು ಪುಟಗಳಲ್ಲೇ ಉಳಿದುಹೋದವು. ಎಲ್ಲರೆದುರು ಅತ್ತದ್ದಕ್ಕೆ ನನಗೆ ಸಂಕೋಚವಾಗಲಿಲ್ಲ. ಹೇಳಬೇಕಾದದ್ದನ್ನು ಹೇಳದೆ ಬಂದೆನಲ್ಲ ಎಂಬ ಕೊರಗು ಮಾತ್ರ ಆರು ವರ್ಷ ಬಿಡಲಿಲ್ಲ. 2023ರ ಜುಲೈಯಲ್ಲಿ ಅಕ್ಕ ತೀರಿಕೊಂಡಳು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಶಾಂತಳ್ಳಿ ಕಡೆಯ ನಮ್ಮ ಊರಿನ ಸಮುದಾಯ ಭವನದಲ್ಲಿ ಸೇರುವ ಸಭೆಯಲ್ಲಿ ನೀನೇ ಓದಬೇಕು ಎಂದು ಭಾವ ಕೇಳಿಕೊಂಡಾಗ, ಈ ಬಾರಿ ಬರೆಯುವುದರ ಜೊತೆಗೆ ಓದುವುದನ್ನೂ ಒಂದು ಕೆಲಸವೆಂದು ತಿಳಿದು ಸಿದ್ಧತೆ ಮಾಡಬೇಕು ಎಂದುಕೊಂಡೆ. ಕೈಯಲ್ಲಿ ಐದು ದಿನಗಳಿದ್ದವು.

ಮೊದಲ ರಾತ್ರಿ ಬರೆದದ್ದು 700 ಪದಗಳನ್ನು ದಾಟಿತು. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿದರೆ ಒಂಬತ್ತು ನಿಮಿಷ ಹಿಡಿಯಿತು. ನಿಧಾನವಾಗಿ ಓದುವಾಗ ನನ್ನ ವೇಗ ನಿಮಿಷಕ್ಕೆ ಸುಮಾರು 80 ಪದವೆಂದು ಆಗ ತಿಳಿಯಿತು. ದುಃಖದಲ್ಲಿರುವಾಗ ಒಂಬತ್ತು ನಿಮಿಷ ಧ್ವನಿಯನ್ನು ಹಿಡಿದಿಟ್ಟುಕೊಳ್ಳುವುದು ನನ್ನಿಂದಾಗದ ಮಾತು. ಐದನೆಯ ನಿಮಿಷದಿಂದಾಚೆಗೆ ದಣಿವು ಶುರುವಾಗಿ ಸಣ್ಣ ಮಾತಿಗೂ ಗಂಟಲು ಕಟ್ಟುತ್ತಿತ್ತು. ಆದ್ದರಿಂದ 340 ಪದಗಳಿಗೆ ಇಳಿಸಿದೆ. ಓದಲು ನಾಲ್ಕು ನಿಮಿಷದ ಮೇಲಿಷ್ಟು, ನಿಲುಗಡೆಗಳಿಗೆ ಒಂದು ನಿಮಿಷ ಎಂಬುದು ನನ್ನ ಲೆಕ್ಕವಾಗಿತ್ತು.

ಮರುದಿನ ಕಾಫಿ ಗೋದಾಮಿನ ಬಾಗಿಲು ಹಾಕಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿದೆ. ಧ್ವನಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಒಂದು ಗುರುತು ಹಾಕುವುದಷ್ಟೇ ಅಂದಿನ ಕೆಲಸ. ಆಸ್ಪತ್ರೆಯ ದಿನಗಳ ಬಗ್ಗೆ, ಕೊನೆಯ ರಾತ್ರಿಯ ಬಗ್ಗೆ ಬರೆದ ವಾಕ್ಯಗಳಲ್ಲಿ ನಿಲ್ಲಬಹುದೆಂದು ನಾನು ಅಂದುಕೊಂಡಿದ್ದೆ. ಅವನ್ನೆಲ್ಲ ನೇರವಾಗಿ ಓದಿಕೊಂಡು ಹೋದೆ. ಧ್ವನಿ ನಿಂತದ್ದು ಈ ವಾಕ್ಯದಲ್ಲಿ: «ಮಳೆಗಾಲದಲ್ಲಿ ಮೂರು ಮೈಲಿ ನಡೆದು ಶಾಲೆ ತಲುಪಿದ ಮೇಲೆ, ಜಗುಲಿಯಲ್ಲಿ ನನ್ನನ್ನು ಕೂರಿಸಿ, ಚೀಲದಿಂದ ಉಪ್ಪಿನ ಗಂಟು ತೆಗೆದು, ತನ್ನ ಕಾಲಿನಲ್ಲಿ ರಕ್ತ ಇಳಿಯುತ್ತಿದ್ದರೂ ಮೊದಲು ನನ್ನ ಕಾಲಿನ ಜಿಗಣೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ ಅಕ್ಕ ಬದುಕಿನುದ್ದಕ್ಕೂ ಹಾಗೆಯೇ ಬಾಳಿದಳು.» ಮೂರು ಬಾರಿ ಓದಿದೆ, ಮೂರು ಬಾರಿಯೂ ‘ಉಪ್ಪಿನ ಗಂಟು’ ಎನ್ನುವಲ್ಲಿ ನಿಂತೆ. ತೀರಾ ಸಣ್ಣ, ಕೈಗೆ ಸಿಗುವಂಥ ವಸ್ತುವೇ ಸಾವಿನ ಮಾತಿಗಿಂತ ಹೆಚ್ಚು ಕಲಕುತ್ತದೆ. ಗಟ್ಟಿಯಾಗಿ ಓದದೆ ಮನಸ್ಸಿನಲ್ಲೇ ಓದಿಕೊಂಡಿದ್ದರೆ ಈ ಜಾಗ ನನಗೆ ಸಿಗುತ್ತಲೇ ಇರಲಿಲ್ಲ.

ಆ ವಾಕ್ಯವನ್ನು ತೆಗೆದುಹಾಕುವ ಯೋಚನೆ ಬಂದದ್ದು ನಿಜ. ಆದರೆ ಅದನ್ನು ತೆಗೆದರೆ ಅಕ್ಕನೇ ಹೋದಂತೆ. ಅದನ್ನು ಉಳಿಸಿಕೊಂಡು ಏನು ಮಾಡಬಹುದೆಂದು ನೋಡುತ್ತಿದ್ದಾಗ ಕನ್ನಡ ವಾಕ್ಯದ ಒಂದು ಗುಣ ಕಣ್ಣಿಗೆ ಬಿತ್ತು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ನಡೆದು’, ‘ಕೂರಿಸಿ’, ‘ತೆಗೆದು’ ಎಂದು ಪೋಣಿಸಿಕೊಂಡು ಹೋದಷ್ಟೂ ಕೇಳುವವರು ಕಾಯುತ್ತಿರುತ್ತಾರೆ, ಓದುವವರ ಉಸಿರು ಕರಗುತ್ತಿರುತ್ತದೆ. ನಡುವೆ ಗಂಟಲು ಕಟ್ಟಿದರೆ ಕೇಳುಗರಿಗೆ ದಕ್ಕುವುದು ಅರ್ಥವಾಗದ ಅರ್ಧ ಮಾತು. ಕಣ್ಣಿಗೆ ಚೆನ್ನಾಗಿ ಕಾಣುವ ಉದ್ದ ವಾಕ್ಯ ಇಂಥ ಕಡೆ ಓದಲು ಆಗದು. ಹಾಗಾಗಿ ಅದನ್ನು ಹೀಗೆ ಒಡೆದೆ: «ಮಳೆಗಾಲದಲ್ಲಿ ಶಾಲೆಗೆ ಮೂರು ಮೈಲಿ ನಡೆಯಬೇಕಿತ್ತು. ಅಕ್ಕನ ಚೀಲದಲ್ಲಿ ಒಂದು ಉಪ್ಪಿನ ಗಂಟು ಇರುತ್ತಿತ್ತು. ಶಾಲೆಯ ಜಗುಲಿಯಲ್ಲಿ ನನ್ನನ್ನು ಕೂರಿಸುತ್ತಿದ್ದಳು. ಮೊದಲು ನನ್ನ ಕಾಲಿನ ಜಿಗಣೆಗಳನ್ನು ಬಿಡಿಸುತ್ತಿದ್ದಳು. ತನ್ನದನ್ನು ಆಮೇಲೆ.» ಪ್ರತಿ ವಾಕ್ಯವೂ ಒಂದು ಉಸಿರಿಗಿಂತ ಚಿಕ್ಕದು. ಎಲ್ಲಿ ನಿಂತರೂ ಅಲ್ಲಿಯವರೆಗಿನದು ಪೂರ್ಣವಾಗಿ ತಲುಪಿರುತ್ತದೆ. ‘ಬದುಕಿನುದ್ದಕ್ಕೂ’ ಎಂಬ ಮಾತು ಬೇಡವಾಯಿತು. ಅದನ್ನು ಕೇಳುವವರೇ ತಿಳಿದುಕೊಳ್ಳುತ್ತಾರೆ.

ಇನ್ನೊಂದು ಬದಲಾವಣೆ ಕೊನೆಯ ಸಾಲಿನದು. ನಾನು «ಅಕ್ಕಾ, ಹೋಗಿ ಬಾ» ಎಂದು ಮುಗಿಸಿದ್ದೆ. ಹೋದವರನ್ನು ನೇರವಾಗಿ ಕರೆಯುವುದು ಎಂಥವರ ಧ್ವನಿಯನ್ನೂ ಒಡೆಯುತ್ತದೆ. ಅದರಲ್ಲೂ ಕೂಗಿ ಕರೆಯುವಾಗಿನ ದೀರ್ಘ ‘ಆ’ಕಾರದಲ್ಲಿ ನಡುಕ ಅಡಗಿಕೊಳ್ಳಲು ಜಾಗವೇ ಇರುವುದಿಲ್ಲ. ಕೊನೆಯವರೆಗೂ ಅಕ್ಕನ ಬಗ್ಗೆ ಊರಿನವರೊಡನೆ ಮಾತಾಡುತ್ತಿರುವಂತೆಯೇ ಇಟ್ಟುಕೊಂಡೆ. ಕರೆಯುವುದನ್ನು ಮನೆಯಲ್ಲಿ, ಅವಳ ಫೋಟೋದ ಮುಂದೆ ಮಾಡಿದೆ. ಆರಂಭಕ್ಕೆ ಹುಟ್ಟಿದ ಊರು, ಓದಿದ ಶಾಲೆ, ಅಂಗನವಾಡಿಯಲ್ಲಿ ಕಳೆದ 28 ವರ್ಷ ಎಂಬಂಥ ಸಾದಾ ವಿವರಗಳನ್ನಿಟ್ಟು, ಮೊದಲ ನಾಲ್ಕು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡೆ. ಎದ್ದು ನಿಂತ ಮೊದಲ ಅರ್ಧ ನಿಮಿಷದಲ್ಲಿ ಧ್ವನಿ ತನ್ನ ನೆಲೆ ಹುಡುಕಿಕೊಳ್ಳುತ್ತದೆ; ಆಗ ಬಾಯಲ್ಲಿ ಭಾರವಿಲ್ಲದ ಮಾತು ಇರಬೇಕು.

ಪ್ರತಿಯನ್ನು 20ರ ಗಾತ್ರದ ಅಕ್ಷರದಲ್ಲಿ, ಸಾಲುಗಳ ನಡುವೆ ಎರಡರಷ್ಟು ಜಾಗ ಬಿಟ್ಟು, ಹಾಳೆಯ ಒಂದೇ ಬದಿಗೆ ಮುದ್ರಿಸಿದೆ. ಕಣ್ಣಲ್ಲಿ ನೀರು ತುಂಬಿದಾಗ ಸಣ್ಣ ಅಕ್ಷರ ಕಾಣುವುದಿಲ್ಲ. ವಾಕ್ಯದ ನಡುವೆ ಪುಟ ತಿರುಗಿಸಬೇಕಾಗದಂತೆ ನೋಡಿಕೊಂಡೆ. ಕೈ ನಡುಗಿದರೆ ಹಾಳೆಯ ಸದ್ದೇ ಮೈಕಿಗೆ ಬೀಳುವುದರಿಂದ ಹಾಳೆಗಳ ಕೆಳಗೆ ಒಂದು ರಟ್ಟು ಇಟ್ಟೆ. ಉಸಿರಿಗೆ ಒಂದು ಕೆಂಪು ಗೀಟು, ನಿಲುಗಡೆಗೆ ಎರಡು ಗೀಟು. ಕಷ್ಟದ ಐದು ಸಾಲುಗಳಿಗಿಂತ ಒಂದು ಸಾಲು ಮೊದಲೇ, ಅಂಚಿನಲ್ಲಿ, ‘ಉಸಿರು ಬಿಡು’ ಎಂದು ದಪ್ಪವಾಗಿ ಬರೆದೆ.

ಆ ಎರಡು ಪದಗಳ ಹಿಂದಿರುವ ಕಾರಣ ಹೇಳಬೇಕು. ಅಳು ಬರುವಾಗ ದೇಹ ಹೆಚ್ಚು ಗಾಳಿಗಾಗಿ ಗಂಟಲಿನೊಳಗಿನ ಧ್ವನಿದ್ವಾರವನ್ನು ಅಗಲವಾಗಿ ತೆರೆದಿಡಲು ನೋಡುತ್ತದೆ. ನುಂಗಲು, ಮಾತಾಡಲು ಅದೇ ದ್ವಾರ ಮುಚ್ಚಿಕೊಳ್ಳಬೇಕು. ಈ ಎಳೆದಾಟವೇ ನಮಗೆ ಗಂಟಲಲ್ಲಿ ಉಂಡೆ ಸಿಕ್ಕಿಕೊಂಡಂತೆ ತೋರುತ್ತದೆ. ಆಗ ನಾವು ತಿಳಿಯದೆ ಉಸಿರು ಬಿಗಿಹಿಡಿದಿರುತ್ತೇವೆ. ಅದರ ಮೇಲೆ ಮತ್ತೆ ಉಸಿರು ಎಳೆದರೆ ಬಿಕ್ಕು ಬರುತ್ತದೆ. ಅಪ್ಪನ ಸಭೆಯಲ್ಲಿ ನನಗಾದದ್ದು ಅದೇ. ಮೊದಲು ಉಸಿರನ್ನು ಬಾಯಿಂದ ನಾಲ್ಕು ಎಣಿಸುವಷ್ಟು ಹೊತ್ತು ಮೆಲ್ಲಗೆ ಹೊರಗೆ ಬಿಡಬೇಕು, ಆಮೇಲೆ ಮೂಗಿನಿಂದ ತಾನಾಗಿ ಬರಲು ಬಿಡಬೇಕು, ಒಂದು ಗುಟುಕು ಬೆಚ್ಚನೆಯ ನೀರು ನುಂಗಬೇಕು. ನೀರು ಬಾಯಾರಿಕೆಗಲ್ಲ, ನುಂಗಿದಾಗ ಗಂಟಲು ಒಮ್ಮೆ ಮುಚ್ಚಿ ಬಿಗಿ ಸಡಿಲವಾಗುತ್ತದೆ. ಕಷ್ಟದ ಸಾಲು ಬಂದ ಮೇಲೆ ನಿಲ್ಲುವುದಕ್ಕಿಂತ, ಅದು ಬರುವ ಮೊದಲೇ ಹೀಗೆ ನಿಂತು ಮುಂದುವರಿದರೆ ಹೆಚ್ಚಿನ ಸಲ ಉಂಡೆ ಕಟ್ಟುವುದೇ ಇಲ್ಲ.

ನಿಂತರೆ ಜನ ಏನೆಂದುಕೊಂಡಾರು ಎಂಬ ಅಂಜಿಕೆ ನನಗಿತ್ತು. ಮೊಬೈಲಿನಲ್ಲಿ ಓದನ್ನು ಧ್ವನಿಮುದ್ರಿಸಿಕೊಂಡು ಕೇಳಿದಾಗ, ಅರ್ಧ ನಿಮಿಷವೇ ಕಳೆಯಿತೇನೋ ಎಂದು ನನಗನ್ನಿಸಿದ್ದ ಮೌನ ಕೇವಲ ಆರು ಸೆಕೆಂಡಿನದಾಗಿತ್ತು. ಕೇಳುವವರಿಗೆ ಅದು ಹಿಂದಿನ ಮಾತನ್ನು ಒಳಗಿಳಿಸಿಕೊಳ್ಳುವ ಸಮಯವಷ್ಟೇ.

ಕಷ್ಟದ ಐದು ಸಾಲುಗಳನ್ನು ಮೂರು ದಿನ, ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಓದಿದೆ. ಮೊದಲ ದಿನ ಅತ್ತುಕೊಂಡೇ ಓದಿದೆ, ತಡೆಯಲು ಹೋಗಲಿಲ್ಲ. ಎರಡನೆಯ ಸಂಜೆ ಧ್ವನಿ ನಡುಗಿದರೂ ನಿಲ್ಲಲಿಲ್ಲ. ಮೂರನೆಯ ದಿನ ಅವು ನಾಲಗೆಗೆ ಪರಿಚಿತವಾದವು. ಪೂರ್ತಿ ಪಠ್ಯವನ್ನು ದಿನಕ್ಕೆ ಒಮ್ಮೆ ಮಾತ್ರ ಓದುತ್ತಿದ್ದೆ. ಹೆಚ್ಚು ಓದಿದರೆ ಅದು ಒಪ್ಪಿಸಿದ ಪಾಠದಂತೆ ಕೇಳುತ್ತದೆ, ಅಕ್ಕನಿಗೆ ಅದು ಸಲ್ಲದು. ಇನ್ನೊಂದು ಪ್ರತಿಯನ್ನು ಅಕ್ಕನ ಮಗನಿಗೆ ಕೊಟ್ಟು, ನಾನು ಹಾಳೆಯ ಮೇಲೆ ಅಂಗೈ ಊರಿ ಅವನ ಕಡೆ ನೋಡಿದರೆ ಬಂದು ಆ ಸಾಲಿನಿಂದ ಮುಂದುವರಿಸಬೇಕೆಂದು ಹೇಳಿದ್ದೆ. ಅವನೂ ಮುಂಚಿತವಾಗಿ ಓದಿ ಅಭ್ಯಾಸ ಮಾಡಿದ. ದುಃಖ ಅವನದು ನನ್ನದಕ್ಕಿಂತ ಚಿಕ್ಕದಾಗಿರಲಿಲ್ಲ, ಆದರೆ ಅವನೇ ಒಪ್ಪಿಕೊಂಡ. ಇಷ್ಟೆಲ್ಲ ಸಾಧ್ಯವಾದದ್ದು ಹನ್ನೊಂದು ದಿನ ಕಳೆದಿದ್ದರಿಂದ. ಮಣ್ಣು ಮಾಡಿದ ದಿನವೇ ಅಂಗಳದಲ್ಲಿ ನಿಂತು ಓದಬೇಕಾಗಿದ್ದರೆ ನಾನು ನಾಲ್ಕು ಸಾಲಿಗಿಂತ ಹೆಚ್ಚು ಬರೆಯುತ್ತಿರಲಿಲ್ಲ.

ಸಭೆಯ ದಿನ ಬೆಳಿಗ್ಗೆ ಒಂದು ಲೋಟ ಬೆಲ್ಲದ ಕಾಫಿ ಕುಡಿದದ್ದು ಬಿಟ್ಟರೆ ಮತ್ತೆ ಕಾಫಿ ಮುಟ್ಟಲಿಲ್ಲ, ಕೈ ನಡುಕ ಅದರಿಂದ ಹೆಚ್ಚುತ್ತದೆ. ಹಾರ ಹಾಕಿದ ಫೋಟೋ, ದೀಪ ನನ್ನ ಬೆನ್ನಿನ ಹಿಂದೆ ಬರುವಂತೆ ಸ್ಟ್ಯಾಂಡ್ ಸರಿಸಿಕೊಂಡೆ. ಮುಂದಿನ ಸಾಲಿನಲ್ಲಿ ಮನೆಯವರು ಕೂತಿರುತ್ತಾರೆಂದು, ಕಣ್ಣೆತ್ತಿದರೆ ಎದುರಿನ ಬಾಗಿಲ ದಾರಂದದ ಮೇಲ್ಭಾಗವನ್ನೇ ನೋಡುವುದೆಂದು ಮೊದಲೇ ಗೊತ್ತು ಮಾಡಿಕೊಂಡಿದ್ದೆ. ಹೊರಗೆ ಮಳೆ ಹಿಡಿದಿತ್ತು. ಎರಡನೆಯ ವಾಕ್ಯಕ್ಕೆ ಕರೆಂಟ್ ಹೋಗಿ ಮೈಕು ನಿಂತಿತು. ಶೀಟಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಮೀರಿ ಓದಬೇಕಾಗಿ ಬಂತು. ಹೊಟ್ಟೆಯಿಂದ ಧ್ವನಿ ತೆಗೆದು, ವಾಕ್ಯಕ್ಕೊಮ್ಮೆ ನಿಲ್ಲಲೇಬೇಕಾಯಿತು, ಅದು ನನಗೆ ಒಳ್ಳೆಯದೇ ಆಯಿತು.

ಉಪ್ಪಿನ ಗಂಟಿನ ಐದು ಸಾಲು ಸಲೀಸಾಗಿ ದಾಟಿದವು. ಗಂಟಲು ಕಟ್ಟಿದ್ದು ನಾನು ಗುರುತೇ ಹಾಕಿರದ ಕಡೆ. ಅಂಗನವಾಡಿಯ ಮಕ್ಕಳ ಬಗ್ಗೆ ಓದುವಾಗ, ಅಲ್ಲೇ ಅಕ್ಷರ ಕಲಿತಿದ್ದ ಹೆಣ್ಣುಮಗಳೊಬ್ಬಳು ತನ್ನ ಕೂಸನ್ನು ಎತ್ತಿಕೊಂಡು ಬಾಗಿಲ ಬಳಿ ನಿಂತಿರುವುದು ಕಂಡಿತು, ನಾನು ನೋಡಬೇಕೆಂದುಕೊಂಡಿದ್ದ ದಾರಂದದ ಕೆಳಗೇ. ವಾಕ್ಯದ ನಡುವೆ ಧ್ವನಿ ಹೋಯಿತು. ಬೆರಳನ್ನು ಆ ಸಾಲಿನ ಮೊದಲಿಗೆ ಇಟ್ಟೆ. ‘ಕ್ಷಮಿಸಿ’ ಎನ್ನಲಿಲ್ಲ, ಆ ಒಂದು ಮಾತು ಆಡಿದರೆ ಎಲ್ಲರ ಗಮನ ಅಕ್ಕನಿಂದ ನನ್ನ ಕಡೆಗೆ ತಿರುಗುತ್ತದೆ, ಬರೆದಿರದ ಮಾತು ಬಾಯಿಗೆ ಬಂದ ಕೂಡಲೇ ಅಳುವೂ ಅದರ ಬೆನ್ನಿಗೇ ಬರುತ್ತದೆ. ಉಸಿರು ಬಿಟ್ಟೆ, ನೀರು ನುಂಗಿದೆ, ಎರಡೂ ಪಾದಗಳನ್ನು ನೆಲಕ್ಕೆ ಒತ್ತಿದೆ. ಸಾಲದೆಂದು ಇನ್ನೊಮ್ಮೆ ಉಸಿರು ಬಿಟ್ಟೆ. ಅಷ್ಟೂ ಹೊತ್ತು ಮಳೆಯ ಸದ್ದಷ್ಟೇ ಇತ್ತು. ಆಮೇಲೆ ತುಂಡಾದ ಪದದಿಂದಲ್ಲ, ವಾಕ್ಯದ ಮೊದಲಿನಿಂದ ಮತ್ತೆ ಶುರು ಮಾಡಿ, ಕೊನೆಯ ಸಾಲಿನವರೆಗೆ ಓದಿದೆ. ಅಕ್ಕನ ಮಗ ಏಳಬೇಕಾಗಲಿಲ್ಲ.

ಊಟಕ್ಕೆ ಎಲೆ ಹಾಕುತ್ತಿದ್ದಾಗ ಭಾವ ಹತ್ತಿರ ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, “ಆ ಉಪ್ಪಿನ ಗಂಟಿನ ವಿಷಯ ಅವಳು ನನಗೆ ಒಮ್ಮೆಯೂ ಹೇಳಿರಲಿಲ್ಲ” ಎಂದರು.