ಕಿವಿ ಬಂದರೆ ಸಮಮಿತಿ ಇಲ್ಲ: ಎರಡನೇ ತರಗತಿಯಲ್ಲಿ ನನ್ನ ಅನುಭವ

"ಎರಡನೇ ತರಗತಿಗೆ ಸಮಮಿತಿ ಯಾಕೆ? ಚಿಟ್ಟೆ ಬರೆಸಿ ಬಣ್ಣ ಹಾಕಿಸಿದರೆ ಆಯ್ತಲ್ಲ" ಅಂದವರು ಒಬ್ಬಿಬ್ಬರಲ್ಲ. ಚಿಟ್ಟೆ ನಾನೂ ಬರೆಸಿದ್ದೆ. ಮಕ್ಕಳಿಗೆ ಚಿಟ್ಟೆ ಬಾಯಿಪಾಠ ಆಯಿತು, ಅಷ್ಟೇ. ಒಂದು ಗೆರೆಯ ಮೇಲೆ ಮಡಿಸಿದಾಗ ಎರಡು ಭಾಗವೂ ಒಂದರ ಮೇಲೊಂದು ಸರಿಯಾಗಿ ಕೂಡುವುದೇ ಸಮಮಿತಿ ಅನ್ನೋದು ತಲೆಗೆ ಹೋಗಲಿಲ್ಲ.

ಆಮೇಲೆ ಕೈಯಿಂದ ದುಡ್ಡು ಹಾಕಿ ಪುಟ್ಟ ಪ್ಲಾಸ್ಟಿಕ್ ಕನ್ನಡಿಗಳನ್ನು ತಂದೆ. ಮೊದಲ ದಿನ ಎಲ್ಲರೂ ತಲೆ ಬಾಚಿಕೊಂಡರು. ವಾರದೊಳಗೆ ಅರ್ಧ ಕನ್ನಡಿಗಳು ಗೀಚಿಹೋದವು. ಬಣ್ಣದ ಕಾಗದಕ್ಕೂ ಅದೇ ಗತಿ. ಮಡಿಸಿ ಅರ್ಧ ಹೃದಯ ಕತ್ತರಿಸಿ ಅಂದರೆ, ಸುಮಾರು ಹತ್ತು ಮಕ್ಕಳು ಮಡಿಕೆ ಇರುವ ಕಡೆ ಬಿಟ್ಟು ತೆರೆದ ಅಂಚಿನ ಕಡೆ ಕತ್ತರಿಸಿದರು. ಬಿಡಿಸಿದಾಗ ಕೈಯಲ್ಲಿ ಎರಡು ತುಂಡು! ಅವತ್ತಿನಿಂದ ಕತ್ತರಿಸುವ ಮೊದಲು ಮಡಿಕೆಯ ಮೇಲೆ ಕ್ರೇಯಾನ್ ಉಜ್ಜಿಸುತ್ತೇನೆ. ಬಣ್ಣದ ಅಂಚಿಗೆ "ಬೆನ್ನು" ಅಂತ ಹೆಸರು. ಬೆನ್ನಿಂದ ಶುರು, ಬೆನ್ನಿಗೇ ಮುಕ್ತಾಯ. ಈಗ ಬಣ್ಣದ ಕಾಗದವೂ ಬೇಡ, ಒಂದು ಕಡೆ ಬರೆದ ರದ್ದಿ ಸಾಕು.

ದಾರಿ ಸಿಕ್ಕಿದ್ದು ಒಂದು ಆಯತದಿಂದ. ಬೋರ್ಡಿನ ಮೇಲೆ ಆಯತ ಬರೆದು ಮೂಲೆಯಿಂದ ಮೂಲೆಗೆ ಓರೆ ಗೆರೆ ಎಳೆದೆ. ಇಲ್ಲಿ ಮಡಿಸಿದರೆ ಕೂಡುತ್ತಾ ಅಂತ ಕೇಳಿದೆ. 30ರ ಹತ್ತಿರ ಮಕ್ಕಳಲ್ಲಿ 20ಕ್ಕೂ ಜಾಸ್ತಿ "ಹೂಂ" ಅಂದರು. ಹಾಗನ್ನಿಸಿದ್ದರಲ್ಲಿ ತಪ್ಪೇನಿಲ್ಲ, ಎರಡು ತ್ರಿಕೋನಗಳೂ ಒಂದೇ ಅಳತೆ ಅಲ್ವಾ? ಉತ್ತರ ಹೇಳಲಿಲ್ಲ. ಹಾಳೆ ಕೊಟ್ಟು ಮಡಿಸಿ ಅಂದೆ. ಎರಡು ಚೂಪು ಮೂಲೆಗಳು ಹೊರಗೆ ಚಾಚಿದವು.

"ಟೀಚರ್, ಇದಕ್ಕೆ ಕಿವಿ ಬಂತು!"

ನಾನು ಹುಡುಕುತ್ತಿದ್ದ ಪದ ಮಗುವಿನ ಬಾಯಿಂದಲೇ ಬಂತು. ಕಿವಿ ಬಂದರೆ ಅದು ಸಮಮಿತಿಯ ಗೆರೆ ಅಲ್ಲ. ಚೌಕವನ್ನು ಓರೆಯಾಗಿ ಮಡಿಸಿದರೆ ಕಿವಿ ಇಲ್ಲ. ಚೌಕಕ್ಕೆ ನಾಲ್ಕು ಗೆರೆ, ಆಯತಕ್ಕೆ ಎರಡೇ ಅಂತ ಅವರೇ ಎಣಿಸಿದರು. ಆಮೇಲೆ ಸ್ಟಾಫ್ ರೂಮಿನಲ್ಲೂ ಅದೇ ಹಾಳೆ ತೋರಿಸಿ ಕೇಳಿದೆ. ಅಲ್ಲೂ ಇಬ್ಬರು "ಹೂಂ" ಅಂದರು. ನನಗೆ ಒಳಗೊಳಗೇ ಖುಷಿ.

ತರಗತಿಯಲ್ಲಿ ಒಬ್ಬ ಹುಡುಗಿ ಆ ಆಯತವನ್ನು ಓರೆ ಗೆರೆಯ ಮೇಲೆ ಕತ್ತರಿಸಿ, ಒಂದು ತ್ರಿಕೋನವನ್ನು ತಿರುಗಿಸಿ ಇನ್ನೊಂದರ ಮೇಲೆ ಕೂರಿಸಿದಳು. "ತಿರುಗಿಸಿದರೆ ಕೂಡುತ್ತೆ, ಮಡಿಸಿದರೆ ಕೂಡಲ್ಲ." ಇದರ ಹಿಂದೆ ಬಿದ್ದು ಕಾಗದದ ಗಿರಗಿಟ್ಲೆಯಲ್ಲಿ ಎರಡು ಪೀರಿಯಡ್ ಕಳೆದೆವು. ಗಿರಗಿಟ್ಲೆ ತಿರುಗಿಸಿದರೆ ಹಾಗೇ ಕಾಣುತ್ತದೆ, ಆದರೆ ಹೇಗೆ ಮಡಿಸಿದರೂ ಕಿವಿ. ಪಾಠದಲ್ಲಿ ಇದು ಇರಲಿಲ್ಲ, ಇರಲಿ.

ಎಲೆಯ ಕೆಲಸ ಮೊದಲು ಕೆಟ್ಟಿತು. ಒಣಗಿದ್ದು ಪುಡಿಯಾಯಿತು, ಹಸಿಯದು ಮಡಿಸಿದ ಹಾಗೇ ಬಿಚ್ಚಿಕೊಂಡಿತು. ಕೊನೆಗೆ ಎಲೆಯನ್ನು ಹಾಳೆಯ ಮೇಲಿಟ್ಟು ಅಂಚು ಬರೆದು, ಕತ್ತರಿಸಿ, ಹಾಳೆಯನ್ನು ಮಡಿಸಿದೆವು. ಯಾವ ಎಲೆಯೂ ಪೂರಾ ಕೂಡಲ್ಲ. ಹಾಗಾಗಿ ಪೆನ್ಸಿಲ್ ಮೊನೆಯಷ್ಟು ಕಿವಿಗೆ ಮಾಫಿ ಅಂತ ತರಗತಿಯೇ ತೀರ್ಮಾನಿಸಿತು. ದಾಸವಾಳ ಪಾಸ್. ಬೇವಿನ ಕಡ್ಡಿಯಿಂದ ಬಿಡಿಸಿದ ಒಂದೊಂದು ಎಸಳೂ ಫೇಲ್: ನಡುನರ ಕುಡುಗೋಲಿನ ಹಾಗೆ ಬಾಗಿರುತ್ತದೆ, ನೇರವಾಗಿ ಮಡಿಸಲಿಕ್ಕೇ ಆಗಲ್ಲ. ಬುಡದಲ್ಲೂ ಒಂದು ಮಗ್ಗುಲು ಅಗಲ, ಇನ್ನೊಂದು ಕಿರಿದು.

ನೆಲ ಮಡಿಸಲಾಗಲ್ಲ, ಅದೇ ಅದರ ಮಜಾ. ಸೀಮೆಸುಣ್ಣದಲ್ಲಿ ಚುಕ್ಕಿಗಳನ್ನಿಟ್ಟು ನಡುವೆ ಹಗ್ಗ ಹಾಸಿದೆ. ಒಬ್ಬರು ಎಡಗಡೆ ಬೀಜಗಳನ್ನು ಇಡಬೇಕು, ಜೊತೆಯವರು ಬಲಗಡೆ ಜೋಡಿ ಮಾಡಬೇಕು. ಮೊದಲ ದಿನ ಹೆಚ್ಚಿನವರು ಎಡಗಡೆಯದನ್ನೇ ನಕಲು ಮಾಡಿದರು. ಎಡಗಡೆ ಬೀಜ ಹಗ್ಗದಿಂದ ಮೂರನೇ ಚುಕ್ಕಿಯಲ್ಲಿತ್ತು, ಅಂದರೆ ಹೊರ ಅಂಚಿನಲ್ಲಿ. ಅವರು ಅದನ್ನು ಎಡದಿಂದ ಮೊದಲನೆಯದು ಅಂತ ಎಣಿಸಿ, ಬಲಗಡೆಯೂ ಎಡದಿಂದ ಮೊದಲನೆಯದರಲ್ಲಿ ಇಟ್ಟರು. ಅದು ಹಗ್ಗಕ್ಕೆ ಅಂಟಿಕೊಂಡಿತ್ತು. ತಪ್ಪು ಅಂತ ನಾನು ಹೇಳಲಿಲ್ಲ. ಇಬ್ಬರನ್ನೂ ಹಗ್ಗದ ಮೇಲೆ ಬೆನ್ನಿಗೆ ಬೆನ್ನು ನಿಲ್ಲಿಸಿ, ಒಟ್ಟಿಗೆ ಒಂದು, ಎರಡು, ಮೂರು ಹೆಜ್ಜೆ ಹಾಕಿಸಿದೆ. ಒಬ್ಬನ ಕಾಲ ಬಳಿ ಬೀಜ, ಇನ್ನೊಬ್ಬನ ಕಾಲ ಬಳಿ ಖಾಲಿ. "ನನ್ನದು ಹಗ್ಗದ ಹತ್ತಿರವೇ ಉಳಿದಿದೆ" ಅಂತ ಅವನೇ ಎತ್ತಿಟ್ಟ. ಮೂರನೇ ದಿನಕ್ಕೆ ನಾಲ್ಕೈದು ಮಕ್ಕಳು ಬಿಟ್ಟು ಎಲ್ಲರೂ ಹಗ್ಗದಿಂದಲೇ ಎಣಿಸುತ್ತಿದ್ದರು.

ಉಮೇದಿನಲ್ಲಿ ಹಗ್ಗವನ್ನು ಓರೆಯಾಗಿಯೂ ಹಾಸಿ ನೋಡಿದೆ. ಪೂರಾ ಕಲಸಿಹೋಯಿತು. ಇಬ್ಬರು ಮಾತ್ರ ಮಾಡಿದರು, ಅದೂ ತಲೆ ಓರೆ ಮಾಡಿಕೊಂಡು. ಓರೆ ಹಗ್ಗವನ್ನು ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ, ಇದೇ ಮಕ್ಕಳು ನಾಲ್ಕನೇ ತರಗತಿಗೆ ಬಂದಾಗ ತೆಗೆಯೋಣ ಅಂತ.