ಒಂದು ಸೀಳಿಗೆ ಅಭ್ರಕ ಹೊದಿಸಿದಾಗ ಪಟ್ಟಿಗಳು ಎಷ್ಟು ಸರಿಯುತ್ತವೆ?

ದ್ವಿಸೀಳು ಪ್ರಯೋಗದಲ್ಲಿ ಒಂದು ಸೀಳಿನ ಮೇಲೆ ತೆಳುವಾದ ಪಾರದರ್ಶಕ ಹಾಳೆ ಇಟ್ಟರೆ ವ್ಯತಿಕರಣದ ಪಟ್ಟಿಗಳು ಆ ಸೀಳಿನ ಕಡೆಗೆ ಸರಿಯುತ್ತವೆ ಎಂಬುದು ದ್ವಿತೀಯ ಪಿಯು ಲೆಕ್ಕಗಳಲ್ಲಿ ಪದೇಪದೇ ಬರುವ ವಿಷಯ. ಲೆಕ್ಕ ಎರಡು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಅದನ್ನೇ ಮೇಜಿನ ಮೇಲೆ ಮಾಡಿ ನೋಡಲು ಹೊರಟವರಿಗೆ, ಎಷ್ಟು ಪಟ್ಟಿ ಸರಿದವು ಎಂಬುದನ್ನು ಲೇಸರ್ ಪೂರ್ತಿಯಾಗಿ ಹೇಳುವುದಿಲ್ಲ ಎಂಬುದು ಬೇಗನೆ ತಿಳಿಯುತ್ತದೆ.

ಮೊದಲು ಪಟ್ಟಿಯ ಅಗಲವನ್ನು ಅಳೆಯಬೇಕು. 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್, ನಡುವಿನಿಂದ ನಡುವಿಗೆ 0.25 ಮಿ.ಮೀ. ಅಂತರವಿರುವ, ತಲಾ 0.05 ಮಿ.ಮೀ. ಅಗಲದ ಎರಡು ಲಂಬ ಸೀಳುಗಳು ಮತ್ತು 1.5 ಮೀಟರ್ ದೂರದಲ್ಲಿ ಗ್ರಾಫ್ ಹಾಳೆ ಅಂಟಿಸಿದ ಪರದೆ ಇವೆ ಎಂದುಕೊಳ್ಳೋಣ. β = λD/d ಸೂತ್ರದ ಪ್ರಕಾರ ಪಟ್ಟಿಯ ಅಗಲ 3.9 ಮಿ.ಮೀ. ಆಗುತ್ತದೆ. ಒಂದೇ ಪಟ್ಟಿಯನ್ನು ಅಳೆದರೆ ಅಂಚು ಎಲ್ಲಿ ಮುಗಿಯಿತೆಂಬ ಗೊಂದಲ ಉಳಿಯುವುದರಿಂದ, ನಡುವಿನ ಉಜ್ವಲ ಪ್ರದೇಶದಲ್ಲಿ ಕಾಣುವ ಒಂಬತ್ತು ಪಟ್ಟಿಗಳ ಪೈಕಿ ಮೊದಲನೆಯದರಿಂದ ಕೊನೆಯದಕ್ಕಿರುವ ದೂರವನ್ನು, ಅಂದರೆ ಸುಮಾರು 31 ಮಿ.ಮೀ.ಯನ್ನು, ಎಂಟರಿಂದ ಭಾಗಿಸುವುದು ಉತ್ತಮ. ನಡುವಿನ ಪಟ್ಟಿಯನ್ನು ಪೆನ್ಸಿಲ್ಲಿನಿಂದ ಗುರುತಿಸಿಡಬೇಕು.

ಹಾಳೆಗೆ ಅಭ್ರಕವೇ, ಅಂದರೆ ಕಾಗೆಬಂಗಾರವೇ, ಒಳ್ಳೆಯದು. ಮಂಗಳೂರಿನಲ್ಲಿ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಅಂಗಡಿಗಳಲ್ಲಿ ವಿಚಾರಿಸಿದರೆ ತುಂಡು ಸಿಗಬಹುದು. ಪಾರದರ್ಶಕವಾದುದನ್ನೇ ಆರಿಸಿ, ಸೂಜಿಯ ಮೊನೆಯಿಂದ ಪದರ ಪದರವಾಗಿ ಬಿಡಿಸಬೇಕು. ಪದರದ ದಪ್ಪ 3 ಮೈಕ್ರಾನ್, ವಕ್ರೀಭವನ ಸೂಚ್ಯಂಕ 1.58 ಎಂದು ಹಿಡಿಯೋಣ. ಹಾಳೆ ಬಂದು ಕುಳಿತ ಜಾಗದಲ್ಲಿ ಅಷ್ಟೇ ದಪ್ಪದ ಗಾಳಿ ಮೊದಲೇ ಇದ್ದುದರಿಂದ ಹೆಚ್ಚುವರಿ ಪಥ μt ಅಲ್ಲ, (μ−1)t. ಇಲ್ಲಿ ಅದು 1.74 ಮೈಕ್ರಾನ್. ಹಾಳೆಯನ್ನು ಬಲ ಸೀಳಿಗೆ ಹೊದಿಸಿದರೆ, ಈ ಹೆಚ್ಚುವರಿಯನ್ನು ಸರಿದೂಗಿಸಲು ಬಲ ಸೀಳಿನಿಂದ ಬರುವ ಬೆಳಕಿಗೆ ಗಾಳಿಯಲ್ಲಿನ ದಾರಿ ಅಷ್ಟೇ ಕಡಿಮೆಯಾಗಬೇಕು, ಆದ್ದರಿಂದ ಕೇಂದ್ರ ಪಟ್ಟಿ ಬಲಕ್ಕೆ ಸರಿಯುತ್ತದೆ. ಸರಿಯುವ ದೂರ (μ−1)tD/d, ಅಂದರೆ 10.4 ಮಿ.ಮೀ., ಇಲ್ಲವೇ 2.68 ಪಟ್ಟಿಗಳು. ಹಾಳೆಯಿಂದ ಹೊರಬಂದ ಬೆಳಕು ಮತ್ತೆ ಗಾಳಿಯಲ್ಲೇ ಸಾಗುವುದರಿಂದ ಪಟ್ಟಿಯ ಅಗಲ ಮಾತ್ರ ಬದಲಾಗುವುದಿಲ್ಲ.

ಹೊದಿಸುವುದೇ ಕಷ್ಟದ ಕೆಲಸ. ಎರಡು ಸೀಳುಗಳ ನಡುವಿನ ಅಪಾರದರ್ಶಕ ಭಾಗ ಬರೇ 0.2 ಮಿ.ಮೀ. ಇರುವುದರಿಂದ ಹಾಳೆಯ ಅಂಚು ಅಷ್ಟರೊಳಗೇ ನಿಲ್ಲಬೇಕು. ಭೂತಕನ್ನಡಿ ಹಿಡಿದು ಮೆಲ್ಲಗೆ ಜರುಗಿಸದೆ ಇದು ಆಗದು. ಅಂಚು ಸೀಳಿನ ಮಧ್ಯಕ್ಕೇ ಬಂದರೆ ಪಟ್ಟಿಗಳು ಮಸುಕಾಗಬಹುದು, ಹಾಳೆ ಎರಡನ್ನೂ ಮುಚ್ಚಿದರೆ ಸರಿತವೇ ಕಾಣುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ಕಾಟವೂ ಉಂಟು: ಉಸಿರಿನಿಂದಲೋ ಬೆರಳಿನಿಂದಲೋ ಒಂದೇ ಮೈಕ್ರಾನಿನ ನೀರಿನ ಪದರ ಹಾಳೆಗೆ ಅಂಟಿದರೂ ಪಟ್ಟಿಗಳು ಸುಮಾರು ಅರ್ಧ ಪಟ್ಟಿಯಷ್ಟು ಹೆಚ್ಚು ಸರಿಯುತ್ತವೆ. ಪಟ್ಟಿಗಳು ತಾವಾಗಿಯೇ ನಿಧಾನವಾಗಿ ಹಿಂದಕ್ಕೆ ಬರುತ್ತಿದ್ದರೆ ತೇವ ಆರುತ್ತಿದೆಯೇ ಎಂದು ಮೊದಲು ಶಂಕಿಸಬೇಕು.

ಈಗ ಪರದೆಯನ್ನು ನೋಡಿದರೆ ಹಳೆಯ ಗುರುತಿನಿಂದ 2.6 ಮಿ.ಮೀ. ಬಲಕ್ಕೆ ಒಂದು ಪಟ್ಟಿ, 1.3 ಮಿ.ಮೀ. ಎಡಕ್ಕೆ ಇನ್ನೊಂದು ಕಾಣುತ್ತವೆ. ಎಲ್ಲ ಪಟ್ಟಿಗಳೂ ಒಂದೇ ಕೆಂಪು ಬಣ್ಣದವಾದ್ದರಿಂದ ಯಾವುದು ಕೇಂದ್ರದ್ದೆಂದು ಹೇಳುವ ಉಪಾಯವಿಲ್ಲ. ಹತ್ತಿರದ್ದನ್ನು ನಂಬಿದರೆ ಪಟ್ಟಿಗಳು ಎಡಕ್ಕೆ ಸರಿದವೆಂಬ ತಪ್ಪು ತೀರ್ಮಾನವೇ ಬರುತ್ತದೆ. ಉಜ್ವಲ ಪ್ರದೇಶವನ್ನು ಆಧಾರವಾಗಿಟ್ಟುಕೊಳ್ಳುವಂತೆಯೂ ಇಲ್ಲ, ಏಕೆಂದರೆ ಅದು ಪ್ರತಿಯೊಂದು ಸೀಳಿನ ವಿವರ್ತನೆಯಿಂದ ಆದದ್ದು. ಅದು ಇದ್ದಲ್ಲೇ ಇರುತ್ತದೆ, ಅದರೊಳಗೆ ಪಟ್ಟಿಗಳಷ್ಟೇ ಜರುಗುತ್ತವೆ. ಲೇಸರ್ ಕೊಡುವುದು 0.68 ಎಂಬ ಭಿನ್ನಾಂಶವನ್ನು ಮಾತ್ರ.

ಪೂರ್ಣಾಂಕಕ್ಕೆ ಬಿಳಿ ಬೆಳಕು ಬೇಕು. ಲೇಸರ್ ತೆಗೆದು, ಪ್ರಖರವಾದ ಟಾರ್ಚಿನ ಮುಂದೆ ದ್ವಿಸೀಳಿಗೆ ಸಮಾಂತರವಾಗಿ ಒಂದು ಕಿರಿದಾದ ಒಂಟಿ ಸೀಳು ಇಟ್ಟು, ಕತ್ತಲೆ ಕೋಣೆಯಲ್ಲಿ ಟ್ರೇಸಿಂಗ್ ಪೇಪರಿನ ಪರದೆಯನ್ನು ಹಿಂದಿನಿಂದ ನೋಡಬೇಕು. ಬಣ್ಣಬಣ್ಣದ ಕೆಲವೇ ಪಟ್ಟಿಗಳ ನಡುವೆ ಬಿಳಿಯಾಗಿರುವುದೊಂದೇ ಕೇಂದ್ರದ್ದು. ಒಂಟಿ ಸೀಳು ತುಸು ಪಕ್ಕಕ್ಕಿದ್ದರೂ ಬಿಳಿ ಪಟ್ಟಿಯ ಜಾಗ ಬದಲಾಗುವುದರಿಂದ, ಹಾಳೆ ಇಲ್ಲದಾಗ ಅದೆಲ್ಲಿತ್ತು ಎಂಬುದನ್ನು ಇದೇ ಜೋಡಣೆಯಲ್ಲಿ ಮೊದಲೇ ಗುರುತಿಸಿರಬೇಕು. ಅಭ್ರಕದ ಸೂಚ್ಯಂಕ ಬಣ್ಣದೊಂದಿಗೆ ಬದಲಾಗುವ ಕಾರಣ ಬಿಳಿ ಪಟ್ಟಿ 10.4ಕ್ಕಿಂತ ಸ್ವಲ್ಪ ಮುಂದೆ, 11 ಮಿ.ಮೀ. ಆಸುಪಾಸಿನಲ್ಲಿ ನಿಲ್ಲಬಹುದು, ಆದರೂ 1.68, 2.68, 3.68 ಪಟ್ಟಿಗಳಿಗೆ ಸಲ್ಲುವ 6.5, 10.4, 14.3 ಮಿ.ಮೀ.ಗಳ ಪೈಕಿ ಯಾವುದೆಂದು ಆರಿಸಲು ಅಷ್ಟು ಸಾಕು. ಹಾಳೆ ದಪ್ಪವಾದಷ್ಟೂ ಈ ವ್ಯತ್ಯಾಸ ಬೆಳೆದು ಆಯ್ಕೆ ಕೆಡುತ್ತದೆ.

0.01 ಮಿ.ಮೀ.ಗಿಂತ ಕಡಿಮೆಯದನ್ನು ತೋರಿಸದ ಸ್ಕ್ರೂಗೇಜಿಗೆ ಈ ಪದರದ ದಪ್ಪ ಸಿಗುವುದೇ ಇಲ್ಲ. ಈ ವಿಧಾನದಲ್ಲಾದರೆ 2.68 × 0.65 ÷ 0.58, ಅಂದರೆ 3.0 ಮೈಕ್ರಾನ್ ಎಂದು ನೇರವಾಗಿ ಬರುತ್ತದೆ.